ಸುತ್ತಿದ್ದೋ, ಇಟ್ಟಿದ್ದೋ: ಹಳೇ ಫೋಟೊದಲ್ಲಿ ಪಟಗಾ, ಫೇಟಾ, ಪಗಡಿ ಗುರುತಿಸುವ ಬಗೆ

ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿಮನೆಯ ಪಡಸಾಲೆಯಿಂದ ಇಳಿಸಿದ ಮದುವೆ ಫೋಟೊ ಅದು. ಚೌಕಟ್ಟು ಸಡಿಲಾಗಿತ್ತು, ಬಲಗಡೆಯ ಮೇಲಿನ ಮೂಲೆಯನ್ನು ಗೆದ್ದಲು ತಿಂದಿತ್ತು. ಕುಳಿತ ಸಾಲಿನಲ್ಲಿ ಐದು ಮಂದಿ ಗಂಡಸರು, ಅವರಲ್ಲಿ ಹಿರಿಯನ ತೊಡೆಯ ಮೇಲೆ ಒಂದು ಕೂಸು. ಹಿಂದೆ ನಿಂತ ಸಾಲಿನಲ್ಲಿ ಹೆಣ್ಣುಮಕ್ಕಳು. ನಮ್ಮ ಊರಿನ ಸುತ್ತಮುತ್ತಲ ಮನೆಗಳ ಹಳೇ ಫೋಟೊಗಳನ್ನು ಸ್ಕ್ಯಾನ್ ಮಾಡಿ, ಕೆಳಗೆ ವಿವರ ಬರೆದು ಕೊಡುವ ಕೆಲಸವನ್ನು ನಾನು ಬಿಡುವಿನಲ್ಲಿ ಮಾಡುತ್ತೇನೆ. ಈ ಫೋಟೊದ ಹಿರಿಯನ ಬಗ್ಗೆ 'ಪಗಡಿ ತೊಟ್ಟ ಹಿರಿಯರು' ಎಂದು ಬರೆದಿದ್ದೆ. ಮನೆಯ ಮೊಮ್ಮಗಳು ಅದನ್ನು ಓದಿ ಹೇಳಿದಾಗ, ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಆಯಿ ಮೊರ ಕೆಳಗಿಟ್ಟರು.

"ಪಗಡಿ ಅಲ್ಲೋ ತಮ್ಮಾ, ಅದು ಪಟಗಾ. ಪಗಡಿ ತಲಿ ಮ್ಯಾಲ ಇಡತಾರ. ಪಟಗಾ ತಲಿಗಿ ಸುತ್ತತಾರ. ನಮ್ಮ ಮುತ್ಯಾ ಎಂದೂ ಪಗಡಿ ಇಟ್ಟಾಂವಲ್ಲ."

ತಲೆಯ ಮೇಲಿನದನ್ನು ಹೆಸರಿಸುವ ಕೆಲಸ ಶುರುವಾಗಬೇಕಾದದ್ದು ಈ ಒಂದು ಪ್ರಶ್ನೆಯಿಂದಲೇ ಎಂದು ಆವತ್ತಿನಿಂದ ನಾನು ನಂಬಿದ್ದೇನೆ: ಅದು ತಲೆಗೆ ಸುತ್ತಿದ್ದೋ, ತಲೆಯ ಮೇಲೆ ಇಟ್ಟಿದ್ದೋ? ಬಣ್ಣ, ಬಟ್ಟೆ, ಆಕಾರ ಎಲ್ಲ ಆಮೇಲೆ. ಸೊಲ್ಲಾಪುರ, ಅಕ್ಕಲಕೋಟ, ಮಂಗಳವೇಢೆ, ಜತ್ತ ಕಡೆಯ ಮನೆಗಳಲ್ಲಿ ಸಿಗುವ ಗುಂಪು ಫೋಟೊಗಳಿಗೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ. ಇಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮರಾಠಿ. ಹೀಗಾಗಿ ಒಂದೇ ಬಟ್ಟೆಗೆ ಎರಡು ಹೆಸರು, ಒಂದೇ ಹೆಸರಿಗೆ ಎರಡು ಬಟ್ಟೆ ಇರುವುದು ಸಾಮಾನ್ಯ. ಆ ಮದುವೆ ಫೋಟೊವನ್ನೇ ಮುಂದಿಟ್ಟುಕೊಂಡು ಒಂದೊಂದೇ ಹಂತ ಹೇಳುತ್ತೇನೆ.

ಮೊದಲು ಫೋಟೊವನ್ನು ಓದುವಷ್ಟು ದೊಡ್ಡದು ಮಾಡಿ

ಗುಂಪು ಫೋಟೊದಲ್ಲಿ ಒಂದು ತಲೆಯ ಅಗಲ ಹೆಚ್ಚೆಂದರೆ ಎಂಟು, ಹತ್ತು ಮಿಲಿಮೀಟರ್ ಇರುತ್ತದೆ. ಮೊಬೈಲಿನಲ್ಲಿ ಇಡೀ ಫೋಟೊ ತೆಗೆದು ಆಮೇಲೆ ಬೆರಳಿನಿಂದ ಹಿಗ್ಗಿಸಿದರೆ ಮಡಿಕೆಗಳು ಕಲಸಿಹೋಗುತ್ತವೆ. ಸ್ಕ್ಯಾನರ್‌ನಲ್ಲಿ 600 ಡಿಪಿಐ ಇಟ್ಟರೆ ಎಂಟು ಮಿಲಿಮೀಟರ್ ತಲೆಗೆ ಸುಮಾರು 190 ಚುಕ್ಕಿ ಸಿಗುತ್ತವೆ. ಸುತ್ತುಗಳನ್ನು ಎಣಿಸಲು ಇದು ಕನಿಷ್ಠ. ಫೋಟೊ ಸ್ಪಷ್ಟವಾಗಿದ್ದರೆ 1200 ಇಡಿ. ಅದಕ್ಕಿಂತ ಮೇಲೆ ಹೋದರೆ ಬಹಳ ಸಲ ಕಾಗದದ ಒರಟುತನವೇ ದೊಡ್ಡದಾಗುತ್ತದೆ, ಬಟ್ಟೆಯ ವಿವರ ಹೆಚ್ಚುವುದಿಲ್ಲ. ಮೊಬೈಲೇ ಗತಿ ಎಂದಾದರೆ ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಫೋಟೊ ಇಟ್ಟು, ಒಂದೊಂದು ತಲೆಯನ್ನೂ ಹತ್ತಿರದಿಂದ ಬೇರೆ ಬೇರೆಯಾಗಿ ತೆಗೆಯಿರಿ.

ದೊಡ್ಡದು ಮಾಡಿದ ಮೇಲೆ ಒಂದು ಅನುಮಾನ ಬಗೆಹರಿಸಿಕೊಳ್ಳಬೇಕು. ಸ್ಟುಡಿಯೊದವರು ಕೆಲವೊಮ್ಮೆ ನೆಗೆಟಿವ್ ಪೆನ್ಸಿಲಿನಿಂದ ತಿದ್ದುತ್ತಿದ್ದರು. ತಲೆಯ ಅಂಚು ಹಿಂದಿನ ಪರದೆಯಲ್ಲಿ ಕರಗಿಹೋದರೆ ಅಲ್ಲೊಂದು ಗೆರೆ ಎಳೆಯುತ್ತಿದ್ದರು. ಹಾಗೆ ಎಳೆದ ಗೆರೆ ಉದ್ದಕ್ಕೂ ಒಂದೇ ದಪ್ಪ ಇರುತ್ತದೆ, ಅದಕ್ಕೆ ನೆರಳು ಇರುವುದಿಲ್ಲ. ನಿಜವಾದ ಮಡಿಕೆಯ ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳು ಇದ್ದೇ ಇರುತ್ತದೆ. ನೆರಳಿಲ್ಲದ ಗೆರೆಯನ್ನು ಮಡಿಕೆ ಎಂದು ಎಣಿಸಬೇಡಿ.

ಬಟ್ಟೆಯ ಬಿಟ್ಟ ತುದಿ, ಅಂದರೆ ಚುಂಗು, ಎಡಕ್ಕೆ ಬಿದ್ದಿತ್ತು, ಬಲಕ್ಕೆ ಬಿದ್ದಿತ್ತು ಎಂದು ಬರೆಯುವ ಮೊದಲು ಫೋಟೊ ಎಡಬಲ ತಿರುಗಿಲ್ಲವೇ ನೋಡಿ. ನೆಗೆಟಿವ್ ಮಗುಚಿ ಅಚ್ಚಾದ ಫೋಟೊಗಳು ಅಪರೂಪವಲ್ಲ. ಗಂಡಸರ ಕೋಟಿನ ಎದೆಜೇಬು ತೊಟ್ಟವರ ಎಡಕ್ಕೆ, ಅಂದರೆ ನಾವು ನೋಡುವಾಗ ಬಲಕ್ಕೆ ಬರಬೇಕು. ಕೋಟಿನ ಎಡಮಗ್ಗುಲು ಬಲಮಗ್ಗುಲಿನ ಮೇಲೆ ಬಂದಿರಬೇಕು. ಇವೆರಡೂ ಉಲ್ಟಾ ಇದ್ದರೆ ಫೋಟೊವೇ ಉಲ್ಟಾ.

ಸುತ್ತಿದ್ದನ್ನು, ಇಟ್ಟಿದ್ದನ್ನು ಬೇರ್ಪಡಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇಲ್ಲಿ. ಸುತ್ತಿದ ಬಟ್ಟೆ ತಲೆಯ ಆಕಾರಕ್ಕೆ ಬಗ್ಗುತ್ತದೆ. ಕಿವಿಯ ಮೇಲೆ ಬಂದಾಗ ಒಂದು ಚೂರು ಮೇಲೇಳುತ್ತದೆ ಅಥವಾ ಕಿವಿಯನ್ನೇ ಒತ್ತಿ ಕೂರುತ್ತದೆ. ಹಣೆಯ ಮೇಲೆ ಅದರ ಅಂಚಿಗೂ ಚರ್ಮಕ್ಕೂ ನಡುವೆ ಸಂದು ಇರುವುದಿಲ್ಲ. ಸುತ್ತುಗಳ ಅಗಲ ಒಂದಕ್ಕಿಂತ ಒಂದು ಬೇರೆ. ಎಲ್ಲೋ ಒಂದು ಕಡೆ ತುದಿ ಸಿಕ್ಕಿಸಿದ ಉಬ್ಬು ಕಾಣುತ್ತದೆ. ಇಟ್ಟ ಪಗಡಿ ಹಾಗಲ್ಲ. ಪಗಡಿಬಂದರು ಅಂದರೆ ಪಗಡಿ ಕಟ್ಟಿಕೊಡುವ ಕಸುಬಿನವರು ಅದನ್ನು ಮೊದಲೇ ಒಂದು ಅಚ್ಚಿನ ಮೇಲೆ ಸುತ್ತಿ, ಹೊಲಿದು, ಗಟ್ಟಿ ಮಾಡಿರುತ್ತಾರೆ. ತೊಡುವವನು ಟೊಪ್ಪಿಗೆಯಂತೆ ತಲೆಯ ಮೇಲಿಡುತ್ತಾನೆ, ಮನೆಗೆ ಬಂದು ಗೂಟಕ್ಕೋ ಪೆಟ್ಟಿಗೆಯೊಳಗೋ ಹಾಗೆಯೇ ಇಡುತ್ತಾನೆ. ಹಾಗಾಗಿ ಅದರ ಮಡಿಕೆಗಳು ಬಾಚಣಿಗೆ ಎಳೆದಂತೆ ಸಮಾನಾಂತರ. ಕಿವಿಯ ಹತ್ತಿರ ಅಂಚು ಬಗ್ಗುವುದಿಲ್ಲ, ನೇರ ಹೋಗುತ್ತದೆ. ಹಣೆಯ ಮೇಲೆ ಅಂಚಿನ ಕೆಳಗೆ ತೆಳ್ಳಗೆ ನೆರಳಿನ ಗೆರೆ ಬೀಳುತ್ತದೆ, ಏಕೆಂದರೆ ಅಲ್ಲಿ ಕೂದಲೆಳೆಯಷ್ಟು ಸಂದು ಇದೆ.

ಇನ್ನೂ ಗಟ್ಟಿಯಾದ ಪರೀಕ್ಷೆ ಬೇಕೆಂದರೆ ಅದೇ ಮನುಷ್ಯನ ಇನ್ನೊಂದು ಫೋಟೊ ಹುಡುಕಿ. ಎರಡನ್ನೂ ಪಕ್ಕ ಪಕ್ಕ ಇಟ್ಟು ಮಡಿಕೆಗಳನ್ನು ಹೋಲಿಸಿ. ಸುತ್ತುವವನು ದಿನಾ ಹೊಸದಾಗಿ ಸುತ್ತುತ್ತಾನೆ, ಆದ್ದರಿಂದ ಎರಡು ಫೋಟೊಗಳಲ್ಲಿ ಮಡಿಕೆಗಳು ಒಂದೇ ಆಗಲು ಸಾಧ್ಯವೇ ಇಲ್ಲ. ಪಗಡಿಯಾದರೆ ವರ್ಷದ ಅಂತರವಿದ್ದರೂ ಅದೇ ಗೆರೆ, ಅದೇ ಮೂತಿ.

ನಮ್ಮ ಫೋಟೊದಲ್ಲಿ ಎಡದಿಂದ ನಾಲ್ಕನೆಯವರು ಉದ್ದ ಕೋಟು ತೊಟ್ಟು ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಾರೆ. ಅವರ ತಲೆಯ ಮೇಲಿನದಕ್ಕೆ ಮುಂಭಾಗದಲ್ಲಿ ಸಣ್ಣ ಕೊಕ್ಕಿನಂಥ ಏರು ಇದೆ, ಸುತ್ತಲೂ ಹುರಿಯಂತೆ ಬಿಗಿದ ಏಣು, ಹಣೆಯ ಮೇಲೆ ನೆರಳಿನ ಗೆರೆ. ಇದು ಪಗಡಿ. ಕೊಕ್ಕಿರುವ ಈ ಮಾದರಿಗೆ ಪುಣೇರಿ ಪಗಡಿ ಎಂಬ ಹೆಸರು ಬಂದಿದೆ. ಟಿಳಕರ ಫೋಟೊಗಳಲ್ಲಿ ಎಲ್ಲರೂ ನೋಡಿರುವುದು ಇದನ್ನೇ, 2009ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಕೊಕ್ಕಿಲ್ಲದ, ಸುತ್ತಲೂ ಸಮವಾಗಿ ದುಂಡಗಿರುವ ಪಗಡಿಗಳೂ ಇವೆ. ಅವನ್ನು ಕಂಡಾಗ 'ಪಗಡಿ' ಎಂದಷ್ಟೇ ಬರೆದು ಆಕಾರ ವಿವರಿಸಿ, ಪುಣೇರಿ ಎಂಬ ವಿಶೇಷಣ ಸೇರಿಸಬೇಡಿ.

ಎಡತುದಿಯ ಮುತ್ಯಾನ ತಲೆಗೆ ಬನ್ನಿ. ಸುತ್ತುಗಳು ಕೈಗೆ ಬಂದಂತೆ ಬಂದಿವೆ. ಒಂದು ಕಡೆ ಬಟ್ಟೆ ಹುರಿಗೊಂಡು ಹಗ್ಗದಂತಾಗಿದೆ, ಇನ್ನೊಂದು ಕಡೆ ಹರಡಿಕೊಂಡಿದೆ. ಎಡಗಿವಿಯ ಮೇಲ್ತುದಿ ಒಳಗೆ ಸೇರಿದೆ. ನೆತ್ತಿಯ ಮೇಲೆ ಬಟ್ಟೆಯ ಗುಡ್ಡೆ. ಹೊಲದಲ್ಲಿ ಬಿಸಿಲು ತಡೆಯಲು, ತಲೆಯ ಮೇಲೆ ಹೊರೆ ಹೊರಲು, ಬಾವಿಯ ಹತ್ತಿರ ಬಿಚ್ಚಿ ಮೈ ಒರೆಸಿಕೊಳ್ಳಲು ಬರುವ ಬಟ್ಟೆ ಹೀಗೆಯೇ ಸುತ್ತಲ್ಪಡುತ್ತದೆ. ಇದು ಪಟಗಾ. ಆಯಿ ಹೇಳಿದ್ದು ಸರಿ, ನಾನು ಬರೆದದ್ದು ತಪ್ಪು. ಈ ಸೀಮೆಯ ಕೆಲವು ಊರುಗಳಲ್ಲಿ ಇದನ್ನೇ ಮುಂಡಾಸು ಎನ್ನುತ್ತಾರೆ. ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ದೀಪಾವಳಿ ಅಮಾವಾಸ್ಯೆಯ ಹೊತ್ತಿಗೆ ಮಾಳಿಂಗರಾಯನ ಗುಡಿಯ ಶಿಖರಕ್ಕೆ ಶಿವನೇ ಬಂದು ಸುತ್ತುತ್ತಾನೆ ಎಂದು ಭಕ್ತರು ನಂಬುವುದು ಮುಂಡಾಸನ್ನೇ. ಅಲ್ಲಿ ಯಾರೂ ಪಗಡಿ ಎನ್ನುವುದಿಲ್ಲ, ಸುತ್ತುವ ವಸ್ತುವಿಗೆ ಸುತ್ತುವ ಹೆಸರೇ ಇದೆ.

ಚುಂಗು ಹಿಡಿದು ಬಟ್ಟೆಯ ಅಳತೆ ಕಾಣುವುದು

ಸುತ್ತಿದ್ದು ಎಂದು ಖಾತ್ರಿಯಾದ ಮೇಲೆ ಚುಂಗು ಹುಡುಕಿ. ಬಟ್ಟೆಯ ಬಿಟ್ಟ ತುದಿಗೆ ನಮ್ಮಲ್ಲಿ ಚುಂಗು ಎನ್ನುತ್ತಾರೆ, ಮರಾಠಿಯವರು ಶೆಮಲಾ ಎನ್ನುತ್ತಾರೆ. ಫೋಟೊದಲ್ಲಿ ಅದು ಬೆನ್ನ ಹಿಂದೆ ಇಳಿದಿರಬಹುದು, ಭುಜದ ಮೇಲೆ ಬಂದಿರಬಹುದು, ಕಿವಿಯ ಪಕ್ಕ ಸಿಕ್ಕಿಸಿರಬಹುದು.

ತುದಿ ಹೇಗೆ ಮುಗಿದಿದೆ ಎನ್ನುವುದು ಬಟ್ಟೆಯ ಹುಟ್ಟನ್ನೇ ಹೇಳುತ್ತದೆ. ಉದ್ದ ಪಟ್ಟಿಯಾಗಿ ನೇಯ್ದ ಬಟ್ಟೆಯಾದರೆ ತುದಿ ಅಡ್ಡಕ್ಕೆ ನೇರ ಕತ್ತರಿಸಿದಂತೆ ಇರುತ್ತದೆ. ಅಲ್ಲಿ ಜರಿಯ ಪಟ್ಟಿ ಅಥವಾ ಎಳೆಬಿಟ್ಟ ಕುಚ್ಚು ಕಾಣಬಹುದು. ಚೌಕ ಬಟ್ಟೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿ ಪಟ್ಟಿ ಮಾಡಿಕೊಂಡು ಸುತ್ತಿದ್ದರೆ ತುದಿ ಮೊನಚಾಗಿರುತ್ತದೆ, ಏಕೆಂದರೆ ಕೊನೆಯಲ್ಲಿ ಉಳಿಯುವುದು ಚೌಕದ ಮೂಲೆ. ಬಟ್ಟೆಯ ಅಂಚೂ ಆಗ ಸುತ್ತಿನ ಜೊತೆ ಸಾಗದೆ ಓರೆಯಾಗಿ ಅಡ್ಡ ಹಾಯುತ್ತದೆ. ಮರಾಠಿಯಲ್ಲಿ ರುಮಾಲ್ ಎಂಬ ಮಾತಿಗೆ ಚೌಕ ಬಟ್ಟೆ ಎಂಬ ಅರ್ಥ ಇನ್ನೂ ಅಂಟಿಕೊಂಡಿದೆ. ನಮ್ಮ ಕನ್ನಡದಲ್ಲಿ ಹಾಗಲ್ಲ, 'ರುಮಾಲು ಸುತ್ತಿದ' ಎಂದರೆ ಉದ್ದ ಬಟ್ಟೆಯಾದರೂ ಸರಿ, ಚೌಕವಾದರೂ ಸರಿ. ಹೀಗಾಗಿ ವಿವರದಲ್ಲಿ ರುಮಾಲು ಎಂದಷ್ಟೇ ಬರೆದರೆ ಗಡಿಯ ಈಚೆಯವನೊಬ್ಬ ಒಂದು ತಿಳಿಯುತ್ತಾನೆ, ಆಚೆಯವನೊಬ್ಬ ಇನ್ನೊಂದು ತಿಳಿಯುತ್ತಾನೆ. 'ಉದ್ದ ಬಟ್ಟೆಯ ರುಮಾಲು', 'ಚೌಕ ಬಟ್ಟೆಯ ರುಮಾಲು' ಎಂದು ಬಿಡಿಸಿ ಬರೆಯುವುದು ಲೇಸು.

ಉದ್ದವನ್ನು ಅಂದಾಜು ಮಾಡಲೂ ದಾರಿಯಿದೆ. ದೊಡ್ಡವರ ತಲೆಯ ಸುತ್ತಳತೆ ಸುಮಾರು 55 ಸೆಂಟಿಮೀಟರ್. ಒಂದರ ಮೇಲೊಂದು ಬಟ್ಟೆ ಬಿದ್ದಂತೆ ಸುತ್ತು ದೊಡ್ಡದಾಗುವುದರಿಂದ ಸರಾಸರಿ 65 ಎಂದು ಹಿಡಿಯಿರಿ. ಮುಂದಿನಿಂದ ಕಾಣುವ ಸುತ್ತುಗಳನ್ನು ಎಣಿಸಿ 65ರಿಂದ ಗುಣಿಸಿ, ಚುಂಗಿನ ಉದ್ದ ಸೇರಿಸಿ. ನಮ್ಮ ಮದುಮಗನ ತಲೆಯಲ್ಲಿ ಏಳು ಸುತ್ತು ಎಣಿಸಲು ಬಂತು, ಅಂದರೆ ಸುಮಾರು ನಾಲ್ಕೂವರೆ ಮೀಟರ್. ಬೆನ್ನಿಗೆ ಇಳಿದ ಚುಂಗು ಅರ್ಧ ಮೀಟರ್ ಇರಬಹುದು. ಒಟ್ಟು ಐದು ಮೀಟರಿನ ಆಸುಪಾಸು, ಹಳಬರ ಲೆಕ್ಕದಲ್ಲಿ ಹನ್ನೊಂದು ಮೊಳ. ಕೆಳಗೆ ಅಡಗಿದ ಸುತ್ತುಗಳು ಎಣಿಕೆಗೆ ಸಿಗುವುದಿಲ್ಲವಾದ್ದರಿಂದ ಇದು 'ಕನಿಷ್ಠ ಇಷ್ಟು' ಎನ್ನುವ ಲೆಕ್ಕ. ಹಾಗಿದ್ದರೂ ಪ್ರಯೋಜನವಿದೆ: ಮೂರೇ ಸುತ್ತು ಬಂದು ಚುಂಗೂ ಇಲ್ಲದಿದ್ದರೆ ಅದು ಹೆಗಲ ಮೇಲಿನ ಟಾವೆಲ್ಲೋ ಪಂಜೆಯೋ ಇರಬಹುದು, ಫೇಟಾ ಎನ್ನಲು ಅಷ್ಟು ಬಟ್ಟೆ ಸಾಲದು.

ಮದುಮಗನದ್ದು ಫೇಟಾ. ಕಾರಣ ಉದ್ದ ಒಂದೇ ಅಲ್ಲ. ಸುತ್ತುಗಳು ಹಣೆಯ ನಡುವಿನಿಂದ ಎರಡೂ ಬದಿಗೆ ಓರೆಯಾಗಿ ಏರುತ್ತವೆ, ಪ್ರತಿ ಸುತ್ತೂ ಹಿಂದಿನದಕ್ಕಿಂತ ಒಂದು ಬೆರಳಿನಷ್ಟು ಮೇಲೆ ಕೂತಿದೆ, ನೆತ್ತಿಯಲ್ಲಿ ಬಟ್ಟೆಯ ತುದಿಯನ್ನು ನೆರಿಗೆ ಹಿಡಿದು ಬೀಸಣಿಗೆಯಂತೆ ನಿಲ್ಲಿಸಿದ ತುರಾ ಇದೆ. ಪಟಗಾ ಸುತ್ತುವುದು ಕೆಲಸಕ್ಕೆ, ಫೇಟಾ ಕಟ್ಟುವುದು ನೋಡುವವರಿಗೆ. ಎರಡಕ್ಕೂ ಒಂದೇ ಬಟ್ಟೆ ಬಳಸಿದರೂ ಮಡಿಕೆಯಲ್ಲಿ ಆ ವ್ಯತ್ಯಾಸ ಕಂಡೇ ಕಾಣುತ್ತದೆ. ಕಟ್ಟಲು ಬರುವ ಒಬ್ಬ ಬೇರೆ ಮನುಷ್ಯ ಎದುರು ನಿಂತು ಕಟ್ಟಿದ್ದಾನೆ ಎನ್ನುವುದೂ ಬಹಳ ಸಲ ಗೊತ್ತಾಗುತ್ತದೆ, ತಾನೇ ಸುತ್ತಿಕೊಂಡಾಗ ಎರಡು ಬದಿಗಳು ಇಷ್ಟು ಸಮವಾಗಿ ಬರುವುದು ಕಷ್ಟ.

ಇಲ್ಲೊಂದು ಎಚ್ಚರ. ಮದುಮಗನ ಹಣೆಯ ಮೇಲೆ ಬಾಸಿಂಗ ಕಟ್ಟಿದ್ದಾರೆ. ಬೆಂಡಿನದೋ ಬೇಗಡೆಯದೋ ಆದ ಆ ಅಲಂಕಾರ ಫೇಟಾದ ಮುಂಭಾಗವನ್ನು ಮುಚ್ಚಿಬಿಡುತ್ತದೆ, ಕಡಿಮೆ ಸ್ಪಷ್ಟ ಫೋಟೊದಲ್ಲಿ ಅದೇ ತುರಾಯಿ ಎಂದೋ ಕಿರೀಟದ ಭಾಗ ಎಂದೋ ಕಾಣುತ್ತದೆ. ಬಾಸಿಂಗಕ್ಕೆ ಎರಡು ಕಡೆ ದಾರ ಇರುತ್ತದೆ, ದಾರ ಸುತ್ತುಗಳ ಮೇಲೆ ಹಾಯ್ದು ಹಿಂದಕ್ಕೆ ಹೋಗುತ್ತದೆ. ಆ ದಾರ ಕಂಡರೆ ಅದನ್ನು ಬೇರೆ ವಸ್ತುವೆಂದು ಬರೆಯಿರಿ.

ಈಚಿನ ಫೋಟೊಗಳಿಗೆ ಈ ನಿಯಮ ಹಾಗೆಯೇ ಹೊಂದುವುದಿಲ್ಲ. ಈಗ ಮದುವೆಗಳಲ್ಲಿ ಹೊಲಿದ ರೆಡಿಮೇಡ್ ಫೇಟಾ ಬಂದಿದೆ, ಸುತ್ತಿದಂತೆ ಕಾಣುತ್ತದೆ, ಆದರೆ ಇಡುವ ವಸ್ತು. ಸಭೆಗಳಲ್ಲಿ ಸನ್ಮಾನಕ್ಕೆ ಇಡುವ ಮೈಸೂರು ಪೇಟವೂ ಹಾಗೆಯೇ. ಒಂದೇ ಸಾಲಿನ ಐದಾರು ತಲೆಗಳಲ್ಲಿ ಮಡಿಕೆ, ತುರಾ, ಚುಂಗಿನ ಉದ್ದ ಎಲ್ಲ ಅಚ್ಚು ಹೊಡೆದಂತೆ ಒಂದೇ ಇದ್ದರೆ ಅವು ಹೊಲಿದವು. 'ಹೊಲಿದ ಫೇಟಾ' ಎಂದು ಬರೆದರೆ ಸಾಕು.

ಬಟ್ಟೆ ಯಾವುದು

ನೂಲನ್ನು ಫೋಟೊದಲ್ಲಿ ಮುಟ್ಟಿ ನೋಡಲು ಬರುವುದಿಲ್ಲ, ಆದರೆ ಮಡಿಕೆ ಮುರಿಯುವ ರೀತಿ ಕಾಣುತ್ತದೆ. ಕೈಮಗ್ಗದ ದಪ್ಪ ಹತ್ತಿ ಬಟ್ಟೆ ದುಂಡಗೆ, ಹೊಟ್ಟೆ ಬಿಟ್ಟುಕೊಂಡು ಮಡಿಯುತ್ತದೆ, ಒಂದು ಸುತ್ತಿನಲ್ಲಿ ಎರಡೋ ಮೂರೋ ದೊಡ್ಡ ಮಡಿಕೆ ಇರುತ್ತವೆ. ತೆಳು ಮಲಮಲ್ ಆದರೆ ಅದೇ ಸುತ್ತಿನಲ್ಲಿ ಹತ್ತಾರು ಸಣ್ಣ ಗೆರೆಗಳು, ಚುಂಗಿನ ಹಿಂದಿನ ಕೋಟಿನ ಅಂಚು ಅದರ ಮೂಲಕ ಮಂದವಾಗಿ ಕಾಣುವುದೂ ಉಂಟು. ರೇಷ್ಮೆಯಲ್ಲಿ ಬೆಳಕು ಮಡಿಕೆಯ ನೆತ್ತಿಯ ಮೇಲೆ ಚುರುಕಾದ ಬಿಳಿ ಗೆರೆಯಾಗಿ ನಿಂತು ಥಟ್ಟನೆ ಮುರಿಯುತ್ತದೆ. ಜರಿ ಗುರುತಿಸಲು ಒಂದೇ ಅಂಚನ್ನು ಎರಡು ಕಡೆ ನೋಡಿ: ಬೆಳಕಿಗೆ ತಿರುಗಿದ ಕಡೆ ಸುಟ್ಟಂತೆ ಬಿಳಿ, ಓರೆಯಾದ ಕಡೆ ಕಪ್ಪು. ಸಾದಾ ಬಣ್ಣದ ಅಂಚು ಹೀಗೆ ಬಿಳಿಯಿಂದ ಕಪ್ಪಿಗೆ ಹಾರುವುದಿಲ್ಲ. ಮದುಮಗನ ಫೇಟಾದ ಅಂಚು ಹಾಗೆ ಹಾರಿತ್ತು, ಅದಕ್ಕೇ ಜರಿ ಅಂಚು ಎಂದು ಧೈರ್ಯವಾಗಿ ಬರೆದೆ.

ಸೊಲ್ಲಾಪುರ ಟಾವೆಲ್ಲು, ಚಾದರಗಳ ಊರು, ಹೀಗಾಗಿ ಈಚಿನ ಫೋಟೊಗಳಲ್ಲಿ ತಲೆಗೆ ಸುತ್ತಿದ ಟಾವೆಲ್ಲು ಬಹಳ ಸಿಗುತ್ತದೆ. ಅದರ ಮೈಮೇಲೆ ನೂಲಿನ ಕುಣಿಕೆಗಳಿರುವುದರಿಂದ ಅಂಚಿನ ಗೆರೆ ಚೂಪಾಗಿ ಕಾಣದೆ ಜುಂಗುಜುಂಗಾಗಿ ಕಾಣುತ್ತದೆ. ಇದಕ್ಕೆ ಪಟಗಾ ಎನ್ನಬೇಡಿ. ಸುತ್ತಿದವನೇ ಅದನ್ನು ಟಾವೆಲ್ಲು ಎನ್ನುತ್ತಾನೆ.

ಬಣ್ಣವನ್ನು ನಂಬುವ ಮೊದಲು ಸೆರಗು ನೋಡಿ

ಮುತ್ಯಾನ ಪಟಗಾ ಫೋಟೊದಲ್ಲಿ ಇದ್ದಿಲಿನಂತೆ ಕಪ್ಪು. ಕರಿ ಪಟಗಾ ಎಂದು ಬರೆಯಬಹುದೇ? ಬರೆಯಬಾರದು. ಆ ಕಾಲದಲ್ಲಿ ಬಹಳ ಬಳಕೆಯಲ್ಲಿದ್ದ ಆರ್ಥೋಕ್ರೊಮ್ಯಾಟಿಕ್ ಪ್ಲೇಟುಗಳಿಗೆ ಕೆಂಪು ಬೆಳಕು ತಾಗುವುದೇ ಇಲ್ಲ. ಕೆಂಪು ವಸ್ತು ಅದರಲ್ಲಿ ಕಪ್ಪಾಗಿ ಬೀಳುತ್ತದೆ, ನೀಲಿ ವಸ್ತು ಬಿಳಿಚಿಕೊಳ್ಳುತ್ತದೆ. ಆಮೇಲೆ ಬಂದ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಎಲ್ಲ ಬಣ್ಣಕ್ಕೂ ಸ್ಪಂದಿಸುತ್ತದೆ, ಅದರಲ್ಲಿ ಕೆಂಪು ಬೂದು ಬಣ್ಣಕ್ಕೆ ಬರುತ್ತದೆ.

ಯಾವ ಫಿಲ್ಮ್ ಎಂದು ಫೋಟೊ ನೋಡಿ ಹೇಗೆ ತಿಳಿಯುವುದು? ನಮ್ಮ ಕಡೆಯ ಫೋಟೊಗಳಲ್ಲಿ ಅದಕ್ಕೊಂದು ಸಾಕ್ಷಿ ಹಿಂದಿನ ಸಾಲಿನಲ್ಲೇ ನಿಂತಿರುತ್ತದೆ. ಇಳಕಲ್ ಸೀರೆಯ ಸೆರಗು ಸಂಪ್ರದಾಯದಂತೆ ಕೆಂಪು, ಅದರ ಮೇಲೆ ಗೋಪುರದ ಸಾಲಿನಂತೆ ಬಿಳಿಯ ತೋಪು ತೆನಿ. ಬಿಳಿ ತೆನಿ ಕಂಡರೆ ಅದರ ಸುತ್ತಲಿನ ನೆಲ ಕೆಂಪು ಎಂದು ನಮಗೆ ಮೊದಲೇ ಗೊತ್ತು. ಆ ನೆಲ ಫೋಟೊದಲ್ಲಿ ಹೇಗೆ ಬಂದಿದೆ ನೋಡಿ. ನಮ್ಮ ಫೋಟೊದಲ್ಲಿ ನಿಂತ ಹೆಣ್ಣುಮಗಳ ಸೆರಗಿನ ನೆಲ ಕಡುಕಪ್ಪು, ಹಣೆಯ ಕುಂಕುಮವೂ ಕಡುಕಪ್ಪು. ಅಂದಮೇಲೆ ಈ ಫೋಟೊದಲ್ಲಿ ಕೆಂಪೆಲ್ಲ ಕಪ್ಪು, ಪಟಗಾ ಕೆಂಪಾಗಿರುವ ಸಾಧ್ಯತೆ ಕಪ್ಪಾಗಿರುವಷ್ಟೇ ಇದೆ. 'ಗಾಢ ಬಣ್ಣದ ಪಟಗಾ, ಕೆಂಪಾಗಿರಬಹುದು' ಎಂದು ಬರೆದೆ. ಆಯಿಯನ್ನು ಕೇಳಿದಾಗ ತಡಮಾಡದೆ ಹೇಳಿದರು: "ಕೆಂಪಂದು. ಜಾತ್ರಿಗಿ, ಲಗ್ನಕ್ಕ ಅದನs ಸುತ್ತತಿದ್ದ." ಆಮೇಲೆ 'ಮನೆಯವರ ನೆನಪಿನಂತೆ ಕೆಂಪು' ಎಂದು ಸೇರಿಸಿದೆ. ಕಂಡದ್ದು ಬೇರೆ, ಕೇಳಿದ್ದು ಬೇರೆ, ಎರಡನ್ನೂ ಒಂದೇ ವಾಕ್ಯದಲ್ಲಿ ಬೆರೆಸಬಾರದು.

ಬಣ್ಣ ಬಳಿದ ಕಪ್ಪುಬಿಳುಪು ಫೋಟೊಗಳೂ ಸಿಗುತ್ತವೆ. ಸ್ಟುಡಿಯೊದ ಕಲಾವಿದ ತನಗೆ ಚೆಂದ ಕಂಡ ಬಣ್ಣ ಹಾಕಿರಬಹುದು, ಅದನ್ನು ಬಟ್ಟೆಯ ಬಣ್ಣಕ್ಕೆ ಸಾಕ್ಷಿ ಎನ್ನಲಾಗದು.

ಟೊಪ್ಪಿಗೆಗಳು, ಕೂಸಿನ ಕುಂಚಿಗಿ

ಟೊಪ್ಪಿಗೆಗಳಲ್ಲಿ ಗೊಂದಲ ಕಡಿಮೆ. ಎಡದಿಂದ ಎರಡನೆಯ ಹುಡುಗನದು ಗಾಂಧಿ ಟೊಪ್ಪಿಗೆ: ಬಿಳಿ ಬಟ್ಟೆ, ಅಗಲ ಪಟ್ಟಿ, ಮುಂದೂ ಹಿಂದೂ ಚೂಪು, ಮಡಿಸಿದರೆ ಲಕೋಟೆಯಂತೆ ಚಪ್ಪಟೆ. ಹಣೆಯ ನಡುವೆ ಮೇಲಿನಿಂದ ಕೆಳಗೆ ಇಸ್ತ್ರಿಯ ಗೆರೆ ಕಾಣುತ್ತದೆ. ಇದೇ ಆಕಾರದ ಕಪ್ಪು ಟೊಪ್ಪಿಗೆಗೆ ಗಾಂಧಿ ಟೊಪ್ಪಿಗೆ ಎನ್ನುವುದಿಲ್ಲ, ಕರಿ ಟೊಪ್ಪಿಗೆ ಎಂದೇ ಬರೆಯಬೇಕು. ಗಾಂಧಿ ಟೊಪ್ಪಿಗೆಯಿಂದ ಇನ್ನೊಂದು ಉಪಕಾರವಿದೆ. ಅದು ಜನರ ತಲೆಗೆ ಬಂದದ್ದು 1920ರ ಅಸಹಕಾರ ಚಳವಳಿಯ ಹೊತ್ತಿಗೆ, ಆದ್ದರಿಂದ ಫೋಟೊ ಅದಕ್ಕಿಂತ ಹಿಂದಿನದಲ್ಲ ಎಂದು ಹೇಳಬಹುದು. ಕೊನೆಯ ಮಿತಿಯನ್ನು ಅದು ಹೇಳುವುದಿಲ್ಲ, ನಮ್ಮ ಹಳ್ಳಿಗಳಲ್ಲಿ ಮುದುಕರು ಇವತ್ತಿಗೂ ಅದನ್ನೇ ಹಾಕುತ್ತಾರೆ. ಕಲಬುರಗಿಯ ದಿಕ್ಕಿನ, ಹಳೆಯ ನಿಜಾಮ ಸೀಮೆಗೆ ಹತ್ತಿದ ಊರುಗಳ ಫೋಟೊಗಳಲ್ಲಿ ರೂಮಿ ಟೋಪಿಯೂ ಬರುತ್ತದೆ: ಬೋರಲು ಹಾಕಿದ ಲೋಟದ ಆಕಾರ, ಚಪ್ಪಟೆ ನೆತ್ತಿ, ನೆತ್ತಿಯಿಂದ ಇಳಿದ ಕಪ್ಪು ಕುಚ್ಚು. ಮಡಿಕೆ ಒಂದೂ ಇರುವುದಿಲ್ಲ.

ಮುತ್ಯಾನ ತೊಡೆಯ ಮೇಲಿನ ಕೂಸಿನ ತಲೆಯನ್ನು ದೊಡ್ಡದು ಮಾಡಿದಾಗ ನನಗೆ ಬಹಳ ಖುಷಿಯಾಯಿತು. ತಲೆಯನ್ನು ಮುಚ್ಚಿ, ಗದ್ದದ ಕೆಳಗೆ ಕಟ್ಟಿ, ಅಲ್ಲಿಂದ ಬೆನ್ನಿನ ಮೇಲೆ ಇಳಿದ ಬಟ್ಟೆ. ಬೆನ್ನಿಗೆ ಇಳಿದಿದ್ದರೆ ಕುಂಚಿಗಿ, ತಲೆಗಷ್ಟೇ ಅಂಟಿ ಕೂತಿದ್ದರೆ ಕುಲಾವಿ. ಎದುರಿನಿಂದ ತೆಗೆದ ಫೋಟೊದಲ್ಲಿ ಬೆನ್ನು ಕಾಣುವುದಿಲ್ಲ, ಆಗ ಭುಜದ ಎರಡೂ ಬದಿಗೆ ನೋಡಬೇಕು. ಕುಂಚಿಗಿಯ ಅಂಚು ಭುಜದಾಚೆ ಒಂದಿಷ್ಟಾದರೂ ಇಣುಕುತ್ತದೆ. ಇಲ್ಲಿ ಎಡಭುಜದ ಆಚೆ ಎರಡು ಬೆರಳಿನಷ್ಟು ಬಟ್ಟೆ ಇತ್ತು, ಅದರ ಮೇಲೆ ಖಣದಲ್ಲಿ ಬರುವಂಥ ಒತ್ತೊತ್ತಾದ ಸಣ್ಣ ಬುಟ್ಟಿಗಳು. ಖಣದ ಕುಂಚಿಗಿ.

ವಿವರ ಬರೆಯುವ ಕ್ರಮ

ಮೊದಲು ಕಂಡದ್ದು, ಆಮೇಲೆ ಹೆಸರು, ಕೊನೆಗೆ ಎಷ್ಟು ಖಾತ್ರಿ. ನಾನು ಮೂರೇ ಮಾತು ಬಳಸುತ್ತೇನೆ: ಖಚಿತ, ಬಹುಶಃ, ಆಕಾರ ಮಾತ್ರ. ಮನೆಯವರು ಹೇಳುವ ಹೆಸರು ಮೊದಲು ಬರಬೇಕು, ಮರಾಠಿ ಹೆಸರು ಬೇರೆಯಿದ್ದರೆ ಅದನ್ನೂ ಸೇರಿಸಬೇಕು, ಆಗ ಎರಡೂ ಭಾಷೆಯಲ್ಲಿ ಹುಡುಕುವವರಿಗೆ ಸಿಗುತ್ತದೆ. ಮದುಮಗನಿಗೆ ಬರೆದದ್ದು ಹೀಗೆ: 'ಓರೆಯಾಗಿ ಏರುವ ಏಳು ಸುತ್ತು, ನೆತ್ತಿಯಲ್ಲಿ ನೆರಿಗೆಯ ತುರಾ, ಬೆನ್ನಿಗೆ ಇಳಿದ ಚುಂಗು (ಶೆಮಲಾ), ಜರಿ ಅಂಚು. ಫೇಟಾ, ಖಚಿತ. ಹಣೆಗೆ ಬಾಸಿಂಗ. ಬಣ್ಣ ತಿಳಿಯದು.'

ತಲೆಯ ಬಟ್ಟೆ ನೋಡಿ ಜಾತಿ ಬರೆಯುವ ಚಟ ಹಲವರಿಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಪಟಗಾ ಸುತ್ತಿದವರು ಎಲ್ಲ ಜಾತಿಯಲ್ಲೂ ಇದ್ದರು, ಸ್ಟುಡಿಯೊಗಳು ಫೋಟೊಕ್ಕೆಂದೇ ಕೋಟು, ಪಗಡಿ ಇಟ್ಟುಕೊಂಡು ಬಂದವರಿಗೆ ತೊಡಿಸುವುದೂ ಇತ್ತು. ಪಗಡಿ ಹಣೆಯ ಮೇಲೆ ತೀರ ಕೆಳಗೆ ಇಳಿದಿದ್ದರೆ ಅಥವಾ ನೆತ್ತಿಯ ಮೇಲೆ ಬಟ್ಟಲಿನಂತೆ ಕೂತಿದ್ದರೆ ಅದು ಅವನ ಅಳತೆಯದಲ್ಲ. ಅದೇ ಪರದೆಯ ಮುಂದೆ ತೆಗೆದ ಬೇರೆ ಮನೆಯ ಫೋಟೊದಲ್ಲಿ ಅದೇ ಪಗಡಿ ಸಿಕ್ಕರೆ ಅದು ಸ್ಟುಡಿಯೊದ್ದು ಎಂದು ತಿಳಿಯಬಹುದು.

ಉಳಿದವರು ಬಲತುದಿಯಲ್ಲಿ ಕೂತ ಐದನೆಯವರು. ಗೆದ್ದಲು ತಿಂದ ಮೂಲೆ ಅವರ ತಲೆಯ ಮೇಲಿನ ಮುಕ್ಕಾಲು ಭಾಗವನ್ನು ಒಯ್ದಿದೆ. ಹಣೆಯ ಮೇಲೆ ಬಟ್ಟೆಯ ಒಂದು ಸುತ್ತು ಉಳಿದಿದೆ, ಎಡಗಿವಿಯನ್ನು ಒತ್ತಿದೆ, ಸಂದಿನ ನೆರಳಿಲ್ಲ. ಭುಜದ ಮೇಲೆ ಚುಂಗು ಇದೆ, ತುದಿ ಮೊನಚು, ಅಂಚು ಓರೆ. ಸುತ್ತು ಎಷ್ಟು ಬಂದಿತ್ತು, ತುರಾ ಇತ್ತೇ ಎನ್ನಲು ಏನೂ ಉಳಿದಿಲ್ಲ. ಇವರು ಯಾರೆಂದು ಆಯಿಗೂ ನೆನಪಾಗಲಿಲ್ಲ, "ಬೀಗರ ಪೈಕಿ ಇರಬೇಕು" ಎಂದರು. ಅವರ ಹೆಸರಿನ ಜಾಗ ಖಾಲಿ ಬಿಟ್ಟು ಕೆಳಗೆ ಬರೆದೆ: 'ತಲೆಗೆ ಸುತ್ತಿದ ಚೌಕ ಬಟ್ಟೆ, ಚುಂಗು ಭುಜದ ಮೇಲೆ. ಆಕಾರ ಮಾತ್ರ.'